ನೆನಪು ಗಡಿ ದಾಟುತ್ತೆ, ಗ್ರೇಡಿಯೆಂಟ್ ದಾಟಲ್ಲ (ಆರ್‌ಎನ್‌ಎನ್ ಸರಣಿ, ಭಾಗ 4)

ಫೈನಲ್ ರಿವ್ಯೂಗೆ ನಾಲ್ಕೇ ದಿನ ಇತ್ತು. ಕನ್ನಡ ಕಥೆಗಳನ್ನ ಒಂದೊಂದೇ ಅಕ್ಷರವಾಗಿ ಓದಿ ಕಲಿಯೋ ನನ್ನ ಎಲ್‌ಎಸ್‌ಟಿಎಂನ ಲಾಸ್ ಕೆಳಗೆ ಇಳೀತಾನೇ ಇರಲಿಲ್ಲ. ವಿಂಡೋ ಚಿಕ್ಕದಾಯ್ತು ಅಂದ್ಕೊಂಡು 50 ಇದ್ದದ್ದನ್ನ 200 ಮಾಡಿದೆ. ಲಾಸ್ ಸ್ವಲ್ಪ ಇಳೀತು. ನನ್ನನ್ನ ದಾರಿ ತಪ್ಪಿಸಿದ್ದೇ ಅದು.

ಮೊದಲು ಇಷ್ಟು ನೆನಪಿಡಿ. ಇಡೀ ಪಠ್ಯದ ಉದ್ದಕ್ಕೂ ಹಿಂದಕ್ಕೆ ಹೋಗಿ ಗ್ರೇಡಿಯೆಂಟ್ ಲೆಕ್ಕ ಹಾಕೋಕೆ ಮೆಮೊರಿ ಸಾಲಲ್ಲ. ಅದಕ್ಕೇ ಪಠ್ಯವನ್ನ ತುಂಡು ಮಾಡ್ತೀವಿ. ಒಂದು ತುಂಡಿನ ಕೊನೆಯ ಹಿಡನ್ ಸ್ಟೇಟನ್ನ ಮುಂದಿನ ತುಂಡಿಗೆ ಕೊಡ್ತೀವಿ, ಆದ್ರೆ ಗ್ರೇಡಿಯೆಂಟಿನ ದಾರಿಯನ್ನ ಅಲ್ಲೇ ಕತ್ತರಿಸ್ತೀವಿ:

```python
h, c = h.detach(), c.detach()
```

ಈ ಸಾಲು ಮರೆತರೆ ಪೈಟಾರ್ಚ್ ಎರಡನೇ ತುಂಡಿನಲ್ಲೇ ಎರರ್ ಕೊಟ್ಟು ನಿಲ್ಲುತ್ತೆ. ನನ್ನ ತಪ್ಪಿಗೆ ಎರರ್ರೇ ಬರಲಿಲ್ಲ.

ನನ್ನ ಹತ್ರ 10 ಲಕ್ಷ ಅಕ್ಷರ ಇದ್ವು, ಬ್ಯಾಚ್ 20, ವಿಂಡೋ 50. ನಾನು ಪಠ್ಯವನ್ನ ಐವತ್ತೈವತ್ತು ಅಕ್ಷರಕ್ಕೆ ಕತ್ತರಿಸಿ, ಮೊದಲ 20 ತುಂಡುಗಳನ್ನ ಮೊದಲ ಬ್ಯಾಚ್ ಮಾಡಿದ್ದೆ. ಅಂದ್ರೆ ಮೊದಲ ಸಾಲಿನಲ್ಲಿ 0ರಿಂದ 49ರ ತನಕದ ಅಕ್ಷರಗಳು. ಮುಂದಿನ ಬ್ಯಾಚಿನಲ್ಲಿ ಅದೇ ಸಾಲಿಗೆ ಬಂದದ್ದು 1000ದಿಂದ 1049. 49ನೇ ಅಕ್ಷರದವರೆಗಿನ ನೆನಪು ಇಟ್ಕೊಂಡು ಮಾಡೆಲ್ ನೇರ 1000ಕ್ಕೆ ಹಾರ್ತಿತ್ತು. ಒಂದು ಕಥೆಯ ಅರ್ಧ ಕೇಳಿಸಿ, ಇನ್ನೊಂದರ ನಡುವಿಗೆ ತಳ್ಳಿದ ಹಾಗೆ.

ಸರಿಯಾದ ಕ್ರಮ ಹೀಗಿದೆ: ಮೊದಲು ಪಠ್ಯವನ್ನ 20 ಉದ್ದ ಪಟ್ಟಿ ಮಾಡಿ, ಒಂದೊಂದರಲ್ಲೂ 50,000 ಅಕ್ಷರ. ಆಮೇಲೆ ಪ್ರತಿ ಪಟ್ಟಿಯಿಂದ ಐವತ್ತೈವತ್ತು ತಗೊಳ್ತಾ ಹೋಗಿ. ಆಗ 49 ಆದ್ಮೇಲೆ 50ನೇ ಅಕ್ಷರವೇ ಬರುತ್ತೆ. ಡೇಟಾ ಲೋಡರಿನಲ್ಲಿ ಶಫಲ್ ಆಫ್ ಇರ್ಲಿ.

ಇದನ್ನ ಪತ್ತೆ ಮಾಡೋದು ಹೇಗೆ? ಲಾಸಿನ ಒಟ್ಟು ಸರಾಸರಿ ನೋಡಬೇಡಿ, ವಿಂಡೋ ಒಳಗಿನ ಸ್ಥಾನವಾರು ನೋಡಿ. ನನ್ನ ಗ್ರಾಫಿನಲ್ಲಿ ಮೊದಲ ಕೆಲವು ಸ್ಥಾನಗಳಲ್ಲಿ ಲಾಸ್ ಗುಡ್ಡದ ಹಾಗೆ ಎದ್ದಿತ್ತು, ಆಮೇಲೆ ಸಮ. ಸ್ಟೇಟ್ ಸರಿಯಾಗಿ ಸಾಗಿದ್ರೆ ಆ ಗುಡ್ಡ ಇರಬಾರದು. ವಿಂಡೋ 200 ಮಾಡಿದಾಗ ಲಾಸ್ ಇಳಿದದ್ದೂ ಇದಕ್ಕೇ: ಮಾಡೆಲ್ ಹೆಚ್ಚೇನೂ ಕಲಿತಿರಲಿಲ್ಲ, ಕೆಟ್ಟ ಶುರುಗಳ ಸಂಖ್ಯೆ ಕಾಲು ಭಾಗಕ್ಕೆ ಇಳಿದಿತ್ತು ಅಷ್ಟೇ.

ಕ್ರಮ ಸರಿಯಾದ್ಮೇಲೇ ವಿಂಡೋ ಎಷ್ಟಿರಬೇಕು ಅನ್ನೋ ಪ್ರಶ್ನೆಗೆ ಅರ್ಥ. ಕಥೆಯಲ್ಲಿ ಮಾತು ಶುರುವಾದಾಗ ಬಂದ ಉದ್ಧರಣ ಚಿಹ್ನೆ 80 ಅಕ್ಷರ ಆದ್ಮೇಲೆ ಮುಚ್ಚುತ್ತೆ ಅಂದ್ಕೊಳ್ಳಿ. ವಿಂಡೋ 50 ಆದ್ರೆ, ಮುಚ್ಚುವಾಗ ಆದ ತಪ್ಪಿನ ಸುದ್ದಿ ತೆರೆದ ಜಾಗಕ್ಕೆ ಯಾವತ್ತೂ ತಲುಪಲ್ಲ. ಚಿಕ್ಕ ಮಾತುಗಳಿಂದ ಕಲಿತ ಅಭ್ಯಾಸವನ್ನ ಮಾಡೆಲ್ 80ರ ತನಕ ಎಳೆದುಕೊಂಡು ಹೋಗಬಹುದು, ಯಾಕಂದ್ರೆ ಸ್ಟೇಟ್ ದಾಟುತ್ತೆ. ಆದ್ರೆ ಅದು ನಾವು ಕಲಿಸಿದ್ದಲ್ಲ, ಖಾತ್ರಿ ಇಲ್ಲ. ವಿಂಡೋ 80ಕ್ಕಿಂತ ಸ್ವಲ್ಪ ದೊಡ್ಡದಿದ್ರೂ ಜೋಡಿ ಎರಡು ತುಂಡಿಗೆ ಹಂಚಿಹೋಗೋದೇ ಜಾಸ್ತಿ. ಸುಮಾರು ದುಪ್ಪಟ್ಟು ಇದ್ರೆ ಅರ್ಧದಷ್ಟು ಜೋಡಿಗಳಾದ್ರೂ ಒಂದೇ ತುಂಡಿನಲ್ಲಿ ಸಿಗ್ತವೆ.

ನಾನು 160ಕ್ಕೆ ನಿಂತೆ. ನಿಮ್ಮದು ಎಷ್ಟೇ ಇರ್ಲಿ, ಅದನ್ನ ಬದಲಾಯಿಸೋಕೆ ಮುಂಚೆ ಆ ಸ್ಥಾನವಾರು ಗ್ರಾಫ್ ಒಂದ್ಸಲ ಹಾಕಿ ನೋಡಿ. ಗುಡ್ಡ ಕಂಡ್ರೆ ಕಾಮೆಂಟಲ್ಲಿ ಹೇಳಿ.