ಹಳೆಯ ಸಿಮ್ಮಿನ ಅಪ್ಪಣೆ

ವರ್ಗಾವಣೆಯ ನೌಕರಿಯಲ್ಲಿರುವ ನಮ್ಮಂಥವರಿಗೆ ಮನೆ, ಊರು, ಪಡಿತರ ಚೀಟಿ ಎಲ್ಲವೂ ಬದಲಾಗುತ್ತವೆ. ದೂರವಾಣಿಯ ಸಂಖ್ಯೆಯೊಂದು ಮಾತ್ರ ಬದಲಾಗುವುದಿಲ್ಲ. ಅದನ್ನು ಹಾಗೆ ಉಳಿಸಿಕೊಂಡೇ ಕಂಪನಿಯನ್ನು ಬಿಡುವ ಅವಕಾಶ ದೇಶಕ್ಕೆಲ್ಲ ದೊರೆತದ್ದು 2011ರ ಜನವರಿಯಲ್ಲಿ. ಆದರೆ ಕರ್ನಾಟಕದ ಸಂಖ್ಯೆಯನ್ನು ಪುಣೆಯ ಅಂಗಡಿಯಲ್ಲಿ ಪೋರ್ಟ್ ಮಾಡಿಸಲು 2015ರ ಜುಲೈವರೆಗೆ ಕಾಯಬೇಕಾಯಿತು. ಅಲ್ಲಿಯತನಕ ಅದು ಒಂದು ವಲಯದೊಳಗಿನ ಸೌಲಭ್ಯವಷ್ಟೇ ಆಗಿತ್ತು.

ನಮ್ಮ ತಾಯಿಯವರು ಧಾರವಾಡ ಬಿಟ್ಟು ನಮ್ಮಲ್ಲಿಗೆ ಬಂದ ಮೇಲೆ ಈ ಸೌಲಭ್ಯ ನಮಗೆ ಬೇಕಾಯಿತು. ಅವರ ಕಂಪನಿಯ ಸಿಗ್ನಲ್ ನಮ್ಮ ಮೂರನೆಯ ಮಹಡಿಗೆ ಬರುತ್ತಿರಲಿಲ್ಲ. ಪಿಂಚಣಿಯ ಖಾತೆ ಆ ಸಂಖ್ಯೆಗೇ ಜೋಡಣೆಯಾಗಿದ್ದುದರಿಂದ ಬ್ಯಾಂಕಿನ ಓಟಿಪಿಗಾಗಿ ಎಪ್ಪತ್ತು ದಾಟಿದ ಅವರು ತಾರಸಿಗೆ ಹತ್ತಬೇಕಾಗುತ್ತಿತ್ತು. ಸಂಖ್ಯೆಯನ್ನು ಬದಲಿಸೋಣವೆಂದರೆ, 'ಧಾರವಾಡದವರಿಗೆಲ್ಲ ಇದೇ ನಂಬರ್ ಗೊತ್ತದಪ್ಪಾ' ಎಂದು ಅವರು ಒಪ್ಪಲಿಲ್ಲ.

ಕ್ರಮ ಸರಳವಾಗಿಯೇ ಇದೆ. ಹಳೆಯ ಸಿಮ್ಮಿನಿಂದ 1900ಕ್ಕೆ ಹೀಗೊಂದು ಸಂದೇಶ ಕಳುಹಿಸಬೇಕು. ಇಂಗ್ಲಿಷಿನ ಪದ, ಒಂದು ಖಾಲಿ ಜಾಗ, ಆಮೇಲೆ ಹತ್ತಂಕಿಯ ಸಂಖ್ಯೆ:

```
PORT 98XXXXXXXX
```

ಉತ್ತರವಾಗಿ ಎಂಟು ಅಕ್ಷರ-ಅಂಕಿಗಳ ಯುಪಿಸಿ ಎಂಬ ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಗೆ ಒಯ್ದು, ಗುರುತಿನ ದಾಖಲೆ ಕೊಟ್ಟು, ಹೊಸ ಸಿಮ್ ಪಡೆಯುವುದು.

ತಡೆ ಬೀಳುವುದು ಬಹುಪಾಲು ಈ ಮೊದಲ ಹೆಜ್ಜೆಯಲ್ಲಿಯೇ. ನಮ್ಮ ವಿಷಯದಲ್ಲಿ ಸಂಕೇತದ ಬದಲು ನಿರಾಕರಣೆ ಬಂತು. ಅಂಗಡಿಯ ಹುಡುಗ 'ಹಳೆಯ ಕಂಪನಿಯವರು ಬಿಡುತ್ತಿಲ್ಲ' ಎಂದುಬಿಟ್ಟ. ಈ ಮಾತು ಎಲ್ಲ ಅಂಗಡಿಗಳಲ್ಲೂ ಕೇಳಿಬರುತ್ತದೆ, ಆದರೆ ಅಷ್ಟೇನೂ ನಿಜವಲ್ಲ. 2019ರ ಡಿಸೆಂಬರ್‌ನಿಂದ ಈ ಸಂಕೇತವನ್ನು ಕೊಡುವುದು ಹಳೆಯ ಕಂಪನಿಯಲ್ಲ, ಪೋರ್ಟಿಂಗ್‌ಗೆಂದೇ ಇರುವ ಪ್ರತ್ಯೇಕ ಸಂಸ್ಥೆ. ಅದು ಹಳೆಯ ಕಂಪನಿಯ ದಾಖಲೆಯನ್ನು ಪರಿಶೀಲಿಸಿ, ಅರ್ಹತೆ ಇದ್ದರೆ ಮಾತ್ರ ಸಂಕೇತ ನೀಡುತ್ತದೆ. ಇಲ್ಲವಾದರೆ ಕಾರಣ ತಿಳಿಸುತ್ತದೆ. ಆದ್ದರಿಂದ ಅಂಗಡಿಯವನ ವ್ಯಾಖ್ಯಾನಕ್ಕಿಂತ ಆ ಸಂದೇಶವನ್ನೇ ಓದುವುದು ಲೇಸು.

ನಮಗೆ ಬಂದ ಕಾರಣ ಸಿಮ್ಮಿನ ಬದಲಾವಣೆ. ತಾಯಿಯವರ ಹಳೆಯ ಸಿಮ್ ಕೆಟ್ಟು, ಸೋಮವಾರವಷ್ಟೇ ಅದೇ ಸಂಖ್ಯೆಗೆ ಬದಲಿ ಸಿಮ್ ಪಡೆದಿದ್ದೆವು. ಸಂದೇಶ ಕಳುಹಿಸಿದ್ದು ಗುರುವಾರ. 2024ರ ಜುಲೈ 1ರಿಂದ, ಸಿಮ್ ಬದಲಾದ ಮೇಲೆ ಏಳು ದಿನ ಕಳೆಯುವ ತನಕ ಸಂಕೇತ ಸಿಗುವುದಿಲ್ಲ. ನಿಯಮದ ಮೇಲೆ ನಮಗೆ ಮುನಿಸಿಲ್ಲ. ವಂಚಕನೊಬ್ಬ ಬೇರೆಯವರ ಹೆಸರಿನಲ್ಲಿ ನಕಲಿ ಸಿಮ್ ಪಡೆದು, ಒಡನೆಯೇ ಸಂಖ್ಯೆಯನ್ನು ಮತ್ತೊಂದು ಕಂಪನಿಗೆ ಸಾಗಿಸಿಬಿಟ್ಟರೆ, ನಿಜವಾದ ಒಡೆಯರಿಗೆ ಎಚ್ಚರವಾಗುವಷ್ಟಾದರೂ ಸಮಯ ಬೇಡವೇ? ಪಿಂಚಣಿ ಪಡೆಯುವವರ ವಿಷಯದಲ್ಲಂತೂ ಆ ಏಳು ದಿನ ಹೆಚ್ಚೇನಲ್ಲ.

ಇತರ ಕಾರಣಗಳೂ ಹಳೆಯ ಸಿಮ್ಮಿನ ಸುತ್ತಲೇ ಇರುತ್ತವೆ. ಈಗಿನ ಕಂಪನಿಯಲ್ಲಿ ಸಂಖ್ಯೆಗೆ ತೊಂಬತ್ತು ದಿನ ತುಂಬಿರಬೇಕು. ಹಿಂದೊಮ್ಮೆ ಪೋರ್ಟ್ ಆಗಿದ್ದರೆ ಎಣಿಕೆ ಅಲ್ಲಿಂದ ಶುರು. ಪೋಸ್ಟ್‌ಪೇಯ್ಡ್ ಆದರೆ ಗಡುವು ದಾಟಿದ ಬಿಲ್ಲು ಬಾಕಿ ಇರಕೂಡದು. ಕಚೇರಿಯ ಹೆಸರಿನಲ್ಲಿರುವ ಸಂಖ್ಯೆಗೆ ಕಚೇರಿಯ ಅಧಿಕಾರ ಪತ್ರ ಬೇಕು. ನಮ್ಮ ಇಲಾಖೆಯಲ್ಲಿ ನಿವೃತ್ತಿಯ ಬಳಿಕ ಇದಕ್ಕಾಗಿ ಅಲೆದವರಿದ್ದಾರೆ. ಸೇವೆಯಲ್ಲಿರುವಾಗಲೇ ಸಂಖ್ಯೆಯನ್ನು ಸ್ವಂತ ಹೆಸರಿಗೆ ಮಾಡಿಸಿಕೊಳ್ಳುವುದು ಜಾಣತನ. ಎರಡು ಸಿಮ್ಮಿನ ಫೋನಿನಲ್ಲಿ ಸಂದೇಶ ಯಾವ ಸಿಮ್ಮಿನಿಂದ ಹೋಗುತ್ತಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಬೇರೆ ಸಿಮ್ಮಿನಿಂದ ಹೋದರೆ ಕೋರಿಕೆ ಫಲಿಸುವುದಿಲ್ಲ.

ಮುಂದಿನ ಬುಧವಾರ ತಾರಸಿಯಿಂದಲೇ ಮತ್ತೆ ಸಂದೇಶ ಕಳುಹಿಸಿದೆವು, ಸಂಕೇತ ಬಂತು. ಅದರ ಆಯುಸ್ಸು ನಾಲ್ಕು ದಿನ ಮಾತ್ರ. ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ ಎಂಬ ಗೊಂದಲ ಬೇಡವೆಂದು ಅದನ್ನು ಕಾಗದಕ್ಕೆ ಇಳಿಸದೆ ಫೋನನ್ನೇ ಅಂಗಡಿಗೆ ಒಯ್ದು, ಅಂದೇ ಸಂಜೆ ಕೆಲಸ ಮುಗಿಸಿದೆವು. ವಲಯದ ಒಳಗೇ ಆದರೆ ಮೂರು ಕೆಲಸದ ದಿನ; ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಬರುವ ಸಂಖ್ಯೆಗೆ ಐದು.

ಕಾಯುವ ಆ ದಿನಗಳಲ್ಲಿ ಹಳೆಯ ಸಿಮ್ಮನ್ನು ಫೋನಿನಿಂದ ತೆಗೆಯಬಾರದು, ಸೇವೆ ಅದರಲ್ಲಿಯೇ ಇರುತ್ತದೆ. ಉಳಿದ ರೀಚಾರ್ಜ್ ಮೊತ್ತ ಹೊಸ ಕಂಪನಿಗೆ ಬರುವುದಿಲ್ಲ. ಅದಕ್ಕೇ ಆ ವಾರ ದೊಡ್ಡ ರೀಚಾರ್ಜ್ ಮಾಡಿಸಲಿಲ್ಲ. ತಾಯಿಯವರ ಕೀಪ್ಯಾಡ್ ಫೋನಿನ ಹೆಸರುಗಳೆಲ್ಲ ಸಿಮ್ಮಿನೊಳಗೇ ಇದ್ದವು. ಹೊಸ ಸಿಮ್ ಹಾಕಿದರೆ ಅವು ಕಾಣುವುದಿಲ್ಲ. ಆದ್ದರಿಂದ ಒಂದು ಸಂಜೆ ಕುಳಿತು ಅವನ್ನೆಲ್ಲ ಫೋನಿನ ಮೆಮೊರಿಗೆ ನಕಲಿಸಿದೆವು. ತೀರಿಹೋದ ಮೂವರ ಹೆಸರುಗಳೂ ಅದರಲ್ಲಿದ್ದವು. ಅಳಿಸಲು ಅವರು ಬಿಡಲಿಲ್ಲ.

ಒಂದು ಬೆಳಿಗ್ಗೆ ಹಳೆಯ ಸಿಮ್ಮಿನ ಸಿಗ್ನಲ್ ತಾರಸಿಯಲ್ಲಿಯೂ ಇಲ್ಲವಾಯಿತು. ಹೊಸದನ್ನು ಹಾಕಿ, ಮೊದಲು ಬ್ಯಾಂಕಿನ ಓಟಿಪಿಯನ್ನೇ ತರಿಸಿ ನೋಡಿದೆವು. ಅಡುಗೆಮನೆಯಲ್ಲಿ ನಿಂತಿದ್ದ ತಾಯಿಯವರ ಕೈಗೇ ಅದು ಬಂತು.