ಅಮ್ಮಿಗೆ ಈದ್, ನನಗೆ ರೋಜಾ

2024ರ ಜೂನ್ 15, ಶನಿವಾರ. ಅಮ್ಮಿ ಅರಫಾತ್ ಬಯಲಲ್ಲಿದ್ದರು. ದುಲ್‌ಹಜ್ 9ರಂದು ಅಲ್ಲಿ ನಿಲ್ಲದಿದ್ದರೆ ಹಜ್ಜೇ ಆಗದು. ಬಿಸಿಲಿನ ಸುದ್ದಿ ಕೇಳಿ ಭಯವಾಗಿ ಫೋನ್ ಮಾಡಿದೆ.

“ರೋಜಾ ಇಟ್ಟಿದ್ದೀರಾ ಅಮ್ಮಿ?”

“ಇಲ್ಲಪ್ಪಾ, ಹಾಜಿಗಳಿಗೆ ಇವತ್ತು ಉಪವಾಸ ಇಲ್ಲ. ಅದು ಊರಲ್ಲಿರೋ ನಿಮಗೆ.”

ಸೂರ್ಯ ಮುಳುಗಿದ ಮೇಲೆ ಮುಜ್ದಲಿಫಾಕ್ಕೆ ಹೋಗಿ ರಾತ್ರಿ ಕಳೆದರು. ಭಾನುವಾರ, ಅಂದರೆ 10ಕ್ಕೆ, ಮಿನಾದಲ್ಲಿ ಕಲ್ಲೆಸೆತ, ಕುರ್ಬಾನಿ. ಈದ್ ಅಂದರೆ ಅದೇ ದಿನ.

ಬೆಂಗಳೂರಲ್ಲಿ ಚಂದ್ರ ಒಂದು ದಿನ ತಡವಾಗಿ ಕಂಡಿದ್ದ. ನಮಗೆ ಭಾನುವಾರ ಇನ್ನೂ 9, ಬಕ್ರೀದ್ ಸೋಮವಾರ. ಹಾಗಾದರೆ ಅರಫಾದ ರೋಜಾ ಯಾವತ್ತು? ಅಮ್ಮಿ ನಿಂತ ದಿನವೋ, ನಮ್ಮ 9ಕ್ಕೋ? ವಿದ್ವಾಂಸರಲ್ಲೇ ಎರಡು ಮತ. ಕ್ಯಾಲೆಂಡರ್ ಜಗಳ ನನ್ನಿಂದ ಬಗೆಹರಿಯೋದಲ್ಲ, ಎರಡೂ ದಿನ ಇಟ್ಟೆ.

ಭಾನುವಾರ ಸಂಜೆ ಖರ್ಜೂರ ಕೈಯಲ್ಲಿ ಹಿಡಿದು ಕೂತಿದ್ದಾಗ ಅಮ್ಮಿಯ ವಾಯ್ಸ್ ಮೆಸೇಜ್ ಬಂತು: “ಈದ್ ಮುಬಾರಕ್, ಊಟ ಆಯ್ತಾ?”