ಮೂರು ಸಾಲಿನ ಅರ್ಜಿ

ಜೆ.ಪಿ. ನಗರದ ಒಂದು ಆಫೀಸು, ಮೂರನೇ ಮಹಡಿ. ಮೀಟಿಂಗ್ ರೂಮಿನ ಗಾಜಿಗೆ ಯಾರೋ ಬಿಳಿ ಹಾಳೆ ಅಂಟಿಸಿದ್ದಾರೆ, ಒಳಗೆ ಕೂತವರು ಹೊರಗೆ ಕಾಣದಿರಲಿ ಅಂತ. ಕಂಪನಿ ಯಾವುದು ಅಂತ ಕೇಳಬೇಡಿ. ಆಂತರಿಕ ಸಮಿತಿಗೆ ಬಂದ ಹೊರಗಿನ ಸದಸ್ಯೆ ನಾನು. ಲೈಂಗಿಕ ಕಿರುಕುಳ ತಡೆ ಕಾಯ್ದೆಯ 16ನೇ ಕಲಂ ನನ್ನ ಬಾಯಿ ಕಟ್ಟಿದೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ವಿಚಾರಣೆಗೆ 90 ದಿನ ಇದೆ. ಅಲ್ಲಿವರೆಗೆ ದೂರು ಕೊಟ್ಟಾಕೆ, ಆಪಾದಿತ ಟೀಮ್ ಲೀಡ್ ಎದುರಿಗೇ ಕೂರಬೇಕೆ?

"ಬೇಡ ಮೇಡಂ, ಇವರನ್ನ ಬಿಟಿಎಂ ಬ್ರಾಂಚಿಗೆ ಹಾಕ್ತೀವಿ. ಇಲ್ಲಾಂದ್ರೆ ಮಧ್ಯಾಹ್ನದ ಶಿಫ್ಟು" ಅನ್ನುತ್ತಾರೆ ಎಚ್.ಆರ್. ಮ್ಯಾನೇಜರ್. ಅವರ ದನಿಯಲ್ಲಿ ಕಾಳಜಿಯೇ ಇದೆ.

ಆಕೆಯ ಕೈಲಿರುವ ಹಾಳೆ ನಾಲ್ಕು ಮಡಿಕೆಯಾಗಿದೆ. "ಮಧ್ಯಾಹ್ನದ ಶಿಫ್ಟ್ ಅಂದ್ರೆ ಬನಶಂಕರಿ ಮನೆ ಸೇರೋದು ರಾತ್ರಿ ಹನ್ನೊಂದಕ್ಕೆ. ಪ್ರಾಜೆಕ್ಟೂ ಹೋಗತ್ತೆ. ದೂರು ಕೊಟ್ಟಿದ್ದು ನಾನು, ಎದ್ದು ಹೋಗೋದೂ ನಾನೇನಾ?"

"ನಿಮಗೆ ಏನು ಬೇಕೋ ಅದನ್ನ ಬರೆದುಕೊಡಿ" ಅನ್ನುತ್ತಾರೆ ಅಧ್ಯಕ್ಷೆ.

ಇಲ್ಲಿರುವುದೇ ಕೀಲಿ. 12ನೇ ಕಲಂ ಪ್ರಕಾರ ಆಕೆ ಲಿಖಿತವಾಗಿ ಕೇಳಿದರೆ ಸಮಿತಿ ಇಬ್ಬರಲ್ಲಿ ಯಾರನ್ನಾದರೂ ವರ್ಗಾಯಿಸಲು ಶಿಫಾರಸು ಮಾಡಬಹುದು. ಆಕೆಗೆ ಮೂರು ತಿಂಗಳವರೆಗೆ ರಜೆಯನ್ನೂ ಕೊಡಿಸಬಹುದು, ಅದು ಅವರ ಸ್ವಂತ ರಜೆಯ ಲೆಕ್ಕದಲ್ಲಿ ಕಳೆಯುವುದಿಲ್ಲ. 'ಯಾರನ್ನಾದರೂ' ಅನ್ನುವ ಜಾಗದಲ್ಲೇ ಆಫೀಸುಗಳು ಸುಲಭದ ದಾರಿ ಹಿಡಿಯುವುದು. 1997ರ ವಿಶಾಖಾ ತೀರ್ಪು ಮಾತ್ರ ಆ ಆಯ್ಕೆಯನ್ನು ನೊಂದವಳ ಕೈಗೇ ಕೊಟ್ಟಿತ್ತು.

ಆಕೆ ಬರೆದದ್ದು ಮೂರೇ ಸಾಲು: ನನ್ನ ಶಿಫ್ಟು, ಪ್ರಾಜೆಕ್ಟು ಹಾಗೇ ಇರಲಿ. ಅವರ ಸೀಟು ಬೇರೆ ಮಹಡಿಗೆ ಹೋಗಲಿ. ನನ್ನ ಅಪ್ರೈಸಲ್ ಅವರು ಬರೆಯಬಾರದು.

ಮೂರನೆಯದಕ್ಕೆ ನಿಯಮ 8ರ ಬಲವಿದೆ: ಆಪಾದಿತ ಆಕೆಯ ಕೆಲಸದ ವರದಿ ಬರೆಯದಂತೆ ತಡೆದು, ಅದನ್ನು ಬೇರೊಬ್ಬ ಅಧಿಕಾರಿಗೆ ಒಪ್ಪಿಸಬಹುದು.

"ಅವರಿಗೆ ಈಗಲೇ ಶಿಕ್ಷೆ ಕೊಟ್ಟ ಹಾಗಾಗಲ್ವಾ?" ಎಚ್.ಆರ್. ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಶಿಫಾರಸಿನ ಕೊನೆಗೆ ಒಂದು ವಾಕ್ಯ ಸೇರಿಸುತ್ತೇವೆ: ಇದು ತಾತ್ಕಾಲಿಕ ಏರ್ಪಾಡು, ತಪ್ಪಿನ ತೀರ್ಮಾನವಲ್ಲ, ಅವರ ಹುದ್ದೆ, ಸಂಬಳ ಬದಲಾಗುವುದಿಲ್ಲ.

ಎರಡು ವಾರ ಕಳೆದು ಪಾಲನಾ ವರದಿ ಬರುತ್ತದೆ. ಎಲ್ಲ ಜಾರಿಯಾಗಿದೆ, ಸೀಲೂ ಬಿದ್ದಿದೆ. ಸೀಟು ಖಾಲಿಯಾದದ್ದನ್ನು ನಾನೇ ನೋಡಿದ್ದೇನೆ. ಆದರೂ ಆಕೆಗೆ ಹೇಳುತ್ತೇನೆ: "ಫೋನಲ್ಲಿ ಅರ್ಧ ದಿನದ ರಜೆ ಹಾಕಿ ನೋಡಮ್ಮ."

ಆಕೆ ದಿನಾಂಕ ಆರಿಸುತ್ತಾರೆ. ಕೆಳಗೆ, ರಜೆ ಮಂಜೂರು ಮಾಡುವವರ ಜಾಗದಲ್ಲಿ, ಅದೇ ಟೀಮ್ ಲೀಡ್ ಹೆಸರು. ಸೀಟು ಬದಲಿಸಿದವರು ಸಾಫ್ಟ್‌ವೇರಿಗೆ ಹೇಳುವುದನ್ನು ಮರೆತಿದ್ದಾರೆ.

ನೀವೂ ಇಂಥ ಸಮಿತಿಯಲ್ಲಿದ್ದರೆ, ಪಾಲನಾ ವರದಿಯನ್ನು ಫೈಲಿಗೆ ಹಾಕುವ ಮೊದಲು ಆ ಪರದೆ ತೆರೆಸಿ ನೋಡಿ.